ನೀರಿಗೊಂದು ಹೊಸ ಸನ್ನೆ

ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅವಳಮ್ಮ. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಕೈ ಕಾಣುವಷ್ಟು ದೂರ ಅವಳ ಮಾತು. ಮಗಳು ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಸೇರಿದ ದಿನ ಅಮ್ಮ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಇನ್ನು ಮೇಲೆ ನಿನ್ನ ಹೆಸರು ಇದೇ ಎಂದಿದ್ದಳು. ಅದು ಬೆರಳಿನಿಂದ ಬಾಯಿಗೆ ದಾಟಿ, ಕಡೆಗೆ ಸ್ಟುಡಿಯೊದವರ ಫೋನುಗಳಲ್ಲೂ ಹಾಗೇ ಸೇವ್ ಆಯಿತು.

ಅಮ್ಮ ಮೂವತ್ತೊಂದು ವರ್ಷ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾಗೆಂದು ಮನೆಯಲ್ಲಿ ಕೂರುವ ಜಾತಿಯಲ್ಲ. ಹೊಸದಾಗಿ ಶಾಲೆಗೆ ಸೇರುವ ಮಕ್ಕಳ ತಂದೆತಾಯಿಗೆ ಒಂದು ಸನ್ನೆಯೂ ಬರುವುದಿಲ್ಲ, ಮಗು ಏನು ಕೇಳುತ್ತಿದೆ ಎಂದು ತಿಳಿಯದೆ ಒದ್ದಾಡುತ್ತಾರೆ ಎಂಬುದು ಅವಳ ಬಹುಕಾಲದ ಸಂಕಟ. ಅದಕ್ಕೇ ಮನೆಬಳಕೆಯ ಮುನ್ನೂರ ಎಂಬತ್ತಾರು ಪದ ಆರಿಸಿ, ಒಂದೊಂದಕ್ಕೂ ಒಂದು ಪುಟ್ಟ ವಿಡಿಯೊ ಮಾಡಿ, ಫೋನಿನಲ್ಲೇ ನೋಡಿ ಕಲಿಯುವ ನಿಘಂಟು ಮಾಡೋಣವೆಂದು ಮಗಳನ್ನು ಹಿಡಿದು ಕೂರಿಸಿದಳು. ಶಾಲೆಯ ಕರಕುಶಲ ಕೋಣೆಯಲ್ಲಿ ಬೂದು ಪರದೆ ಕಟ್ಟಿ, ಎಂಟು ದಿನ ಚಿತ್ರೀಕರಣ ನಡೆಯಿತು.

ಒಂದು ಪದಕ್ಕೆ ಒಂದು ಫೈಲು. ಸನ್ನೆ ಎರಡು ಮೂರು ಸೆಕೆಂಡಿನದು. ಫೈಲು ಮಾತ್ರ ಹತ್ತರಿಂದ ನಲವತ್ತು ಸೆಕೆಂಡು. ಯಾಕೆಂದರೆ ಅಮ್ಮ ಸುಮ್ಮನಿರುವವಳೇ ಅಲ್ಲ. ತೊಡೆಯ ಮೇಲಿನ ಚೀಟಿ ನೋಡುತ್ತಾಳೆ, ಕನ್ನಡಕ ಮೇಲೆ ತಳ್ಳುತ್ತಾಳೆ, ಸನ್ನೆ ಮಾಡುತ್ತಾಳೆ, ಆಮೇಲೆ ಕ್ಯಾಮೆರಾ ಹಿಂದಿರುವ ಮಗಳಿಗೆ ಬೆನ್ನು ನೆಟ್ಟಗೆ ಮಾಡಿ ನಿಲ್ಲು ಎಂದು ಗದರುತ್ತಾಳೆ. ಎಲ್ಲವೂ ಕೈಯಲ್ಲೇ. ಇಷ್ಟರಲ್ಲಿ ಯಾವುದು ಪದ, ಯಾವುದು ಬೈಗುಳ ಎಂದು ಅವಳೇ ಹೇಳಬೇಕು.

ಹೇಳಿದಳು ಕೂಡ. ಲ್ಯಾಪ್‌ಟಾಪ್ ಮುಂದೆ ಕೂತು, ಪ್ರತಿ ಫೈಲಿಗೂ ಅದೇ ಪದದ ಹೆಸರಿಟ್ಟು, ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಂ ತುಂಬಿದಳು: ಫೈಲಿನ ಹೆಸರು, ಎಲ್ಲಿಂದ ಶುರು, ಎಲ್ಲಿಗೆ ಮುಗಿವು. ಮೊದಲು 0:06 ಎಂದು ಬರೆದಿದ್ದಳು; ಶೀಟು ಅದನ್ನು ಆರು ನಿಮಿಷ ಎಂದುಕೊಂಡಿತು. ಮಗಳು ಬರೀ ಸೆಕೆಂಡಿನ ಲೆಕ್ಕದಲ್ಲಿ ಬರಿ ಎಂದ ಮೇಲೆ 6.4, 9.1 ಎಂದು ಹತ್ತನೇ ಒಂದು ಸೆಕೆಂಡಿನವರೆಗೂ ಬರೆದು ಮುಗಿಸಿ, ಒಂದು ಪ್ರತಿ ಮಗಳಿಗೆ ಕಳಿಸಿ, ತನ್ನದನ್ನು ತನ್ನಲ್ಲೇ ಇಟ್ಟುಕೊಂಡಳು.

ಶುಕ್ರವಾರ ಕತ್ತರಿ ಕರಕುಶಲ ಕೋಣೆಯಲ್ಲೇ ಒಂದೊಂದೇ ಕ್ಲಿಪ್ಪನ್ನು ಕೈಯಾರೆ ಕತ್ತರಿಸಲು ಕೂತಳು. ಬೆಳಿಗ್ಗೆಯಿಂದ ಊಟದ ಹೊತ್ತಿಗೆ ಮೂವತ್ತನಾಲ್ಕು ಆಯಿತು. ಕುತ್ತಿಗೆ ಮರಗಟ್ಟಿತು. ಆ ದಾರಿಯಲ್ಲಿ ಹೋದ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಬಗ್ಗಿ ನೋಡಿ ತಲೆ ಚಚ್ಚಿಕೊಂಡರು.

"ಶೀಟಲ್ಲಿ ಎಲ್ಲಾ ಬರೆದಿಟ್ಟುಕೊಂಡು ಕೈಯಲ್ಲಿ ಯಾಕಮ್ಮ ಕತ್ತರಿಸ್ತಾ ಇದ್ದೀಯ? ಹಿಟ್ಟಿನ ಗಿರಣಿ ಪಕ್ಕದಲ್ಲಿ ಕೂತು ಬೀಸೋಕಲ್ಲು ತಿರುಗಿಸಿದ ಹಾಗಾಯ್ತು."

ಅವರು ಕೂತು, ಕಂಪ್ಯೂಟರ್ ತಾನೇ ಈ ಕೆಲಸ ಮಾಡುವಂತೆ ಹತ್ತು ಹನ್ನೆರಡು ಸಾಲಿನ ಆಜ್ಞೆಗಳ ಸ್ಕ್ರಿಪ್ಟು ಬರೆದರು. ಶೀಟನ್ನು ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯವಾಗಿ ಉಳಿಸಿಕೊಟ್ಟರೆ ಸಾಕು. ಅದು ಒಂದೊಂದೇ ಸಾಲು ಓದಿ, ಆ ಹೆಸರಿನ ಫೈಲು ತೆರೆದು, ಶುರುವಿನಿಂದ ಮುಗಿವಿನವರೆಗೆ ಕತ್ತರಿಸಿ, ಅದೇ ಹೆಸರಿನಲ್ಲಿ ಬೇರೆ ಫೋಲ್ಡರಿಗೆ ಹಾಕುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ. ಮೊದಲು ಐದೇ ಸಾಲು ಕೊಟ್ಟು ನೋಡೋಣವೆಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಐದೂ ಮುಗಿದವು. ಕತ್ತರಿಗೆ ನಂಬಲಾಗಲಿಲ್ಲ. ಅಮ್ಮ ನೋಡಿ ಮೂಗು ಮುರಿದಳು. ನಾನು 6.4 ಎಂದು ಬರೆದಿದ್ದೇನೆ, ಇದು ಅದಕ್ಕಿಂತ ಮೊದಲೇ ಶುರುವಾಗಿದೆ, ನನ್ನ ಕೈ ಇನ್ನೂ ತೊಡೆಯ ಮೇಲೇ ಇದೆ ಎಂದಳು.

ಮೇಷ್ಟ್ರು ಒಪ್ಪಿಕೊಂಡರು. ವಿಡಿಯೊದಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು. ನಡುವಿನ ಜಾಗದಲ್ಲಿ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಬೇಗ ಮುಗಿಯಲೆಂದು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿಸಿದರೆ, ಸ್ಕ್ರಿಪ್ಟು ಹಿಂದಿನ ಪೂರ್ತಿ ಚಿತ್ರದಿಂದಲೇ ಶುರು ಮಾಡಬೇಕಾಗುತ್ತದೆ. ಹೊಸದಾಗಿ ಎನ್‌ಕೋಡ್ ಮಾಡಿಸಿದರೆ, ಅಂದರೆ ಪ್ರತಿ ಚಿತ್ರವನ್ನೂ ಮತ್ತೆ ಬರೆಸಿದರೆ ನಿಧಾನ, ಆದರೆ ಹೇಳಿದಲ್ಲೇ ಬೀಳುತ್ತದೆ. ಹಾಗೆ ತಿದ್ದಿ ಮತ್ತೆ ಐದು ಸಾಲು ಓಡಿಸಿದರು. ಅಮ್ಮ ಹೆಬ್ಬೆರಳೆತ್ತಿದಳು. ಉಳಿದದ್ದು ನೀನೇ ಓಡಿಸಮ್ಮ ಎಂದು ಮೇಷ್ಟ್ರು ತರಗತಿಗೆ ಹೋದರು.

ಇಲ್ಲಿಯವರೆಗೂ ಎಲ್ಲ ಸರಿಯಿತ್ತು. ಆದರೆ ಕತ್ತರಿಗೆ ಅಚ್ಚುಕಟ್ಟಿನ ಹುಚ್ಚು. ನಿಘಂಟು ಎಂದ ಮೇಲೆ ಪಟ್ಟಿ ಅ, ಆ, ಇ ಎಂದು ಸಾಲಾಗಿರಬೇಡವೇ? ಹೆಸರಿನ ಕಾಲಂ ಒಂದನ್ನೇ ಹಿಡಿದು ಅಕ್ಷರಕ್ರಮಕ್ಕೆ ಜೋಡಿಸು ಎಂದಳು. ಪಕ್ಕದ ಕಾಲಂಗಳನ್ನೂ ಜೊತೆಗೆ ಸೇರಿಸಲೇ ಎಂದು ಶೀಟು ಕೇಳಿತು. ಅವಳು ಓದದೆ ಬೇಡವೆಂಬ ಗುಂಡಿ ಒತ್ತಿದಳು. ಹೆಸರುಗಳು ಎದ್ದು ಬೇರೆ ಬೇರೆ ಸಾಲಿಗೆ ಹೋಗಿ ಕೂತವು. ಸಮಯಗಳು ಇದ್ದಲ್ಲೇ ಇದ್ದವು. ಒಬ್ಬರ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬರ ಮೈಗೆ ಬಿತ್ತು.

ಸ್ಕ್ರಿಪ್ಟಿಗೆ ಇದೆಲ್ಲ ಏನು ಗೊತ್ತು? ಕೊಟ್ಟದ್ದನ್ನು ಓದಿ, ಅರ್ಧ ಗಂಟೆಯಲ್ಲಿ ಮುನ್ನೂರ ಎಂಬತ್ತಾರನ್ನೂ ಕತ್ತರಿಸಿತು. ಕೊನೆಯಲ್ಲಿ ಏಳು ಫೈಲು ಖಾಲಿ ಎಂದು ತೋರಿಸಿತು. ಸೋಮವಾರ ನೋಡಿಕೊಂಡರಾಯಿತು ಎಂದು ಕತ್ತರಿ ಲ್ಯಾಪ್‌ಟಾಪ್ ಮುಚ್ಚಿದಳು.

ಶಾಲೆಯ ಗೇಟಿನ ಬಳಿ ಬಸ್ ಡ್ರೈವರ್ ಒಬ್ಬರು ಕಾಯುತ್ತಿದ್ದರು. ಅವರ ನಾಲ್ಕು ವರ್ಷದ ಮಗಳು ಅಂದಷ್ಟೇ ಶಾಲೆಗೆ ಸೇರಿದ್ದಳು. ಹಟ ಮಾಡಿದರೆ ಹಸಿವೋ ನೋವೋ ಒಂದೂ ತಿಳಿಯದು, ಶನಿವಾರ ಭಾನುವಾರ ಕಲಿಯಲು ಏನಾದರೂ ಕೊಡಿ ಎಂದು ಅವರು ಕೇಳಿದಾಗ ಕತ್ತರಿಯ ಮನಸ್ಸು ಕರಗಿತು. ನೀರು, ಊಟ, ಬಾ, ಬೇಡ, ಹೀಗೆ ಹನ್ನೆರಡು ಪದ ಆರಿಸಿ ಲ್ಯಾಪ್‌ಟಾಪಿನಿಂದ ಅಲ್ಲೇ ಅವರ ಫೋನಿಗೆ ಕಳಿಸಿದಳು. ಒಂದನ್ನೂ ತೆರೆದು ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಡ್ರೈವರ್ ಮಗಳ ಕೈ ಹಿಡಿದು ಕರಕುಶಲ ಕೋಣೆಗೆ ಬಂದರು. ಮುಖ ಅರಳಿ ಮೊರದಗಲವಾಗಿತ್ತು.

"ಮೇಡಂ, ಎರಡೇ ದಿನದಲ್ಲಿ ಪುಟ್ಟಿ ಮಾತಾಡಿಬಿಟ್ಟಳು. ನೀರು ಬೇಕಂದ್ರೆ ಕೇಳ್ತಾಳೆ. ನೋಡಿ ಬೇಕಾದ್ರೆ."

ಅವರು ಚೀಲದಿಂದ ನೀರಿನ ಬಾಟಲಿ ತೆಗೆದು ತೋರಿಸಿದರು. ಪುಟ್ಟಿ ಗಂಭೀರವಾಗಿ ತೋರುಬೆರಳು ಎತ್ತಿ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. ತಂದೆ ನೀರು ಕೊಟ್ಟರು. ಕುಡಿದಳು. ಮತ್ತೆ ಕನ್ನಡಕ ತಳ್ಳಿದಳು. ಮತ್ತೆ ಕೊಟ್ಟರು. ಇನ್ನು ಸಾಕಾದಾಗ ತಂದೆಯೇ ಬೇಡವೇ ಎಂದು ಕೇಳುತ್ತ ಬಾಯಿಗೆ ಅಂಗೈ ಅಡ್ಡ ಹಿಡಿದು ಉದ್ದಕ್ಕೆ ಆಕಳಿಸಿದರು. ಮಗಳೂ ಹೌದೆಂಬಂತೆ ಆಕಳಿಸಿದಳು.

ಕತ್ತರಿ ಲ್ಯಾಪ್‌ಟಾಪ್ ತೆರೆದು "ನೀರು" ನೋಡಿದಳು: ಅಮ್ಮ ಕನ್ನಡಕ ತಳ್ಳುತ್ತಿದ್ದಾಳೆ, ಅಷ್ಟೇ. "ಬೇಡ" ನೋಡಿದಳು: ಅಮ್ಮ ಆಕಳಿಸುತ್ತಿದ್ದಾಳೆ. "ಊಟ": ಬೆನ್ನು ನೆಟ್ಟಗೆ ಮಾಡು. ಶೀಟು ತೆರೆದಾಗ ಎಲ್ಲ ತಿಳಿಯಿತು. ನೀರಿನ ಮುಂದಿದ್ದ 6.4 ನೀರಿನದಲ್ಲ, ಮೂಲದಲ್ಲಿ ಯಾವುದೋ ಬೇರೆ ಪದದ್ದು. ಖಾಲಿಯಾದ ಆ ಏಳು ಫೈಲುಗಳಿಗೆ ಅವುಗಳ ಉದ್ದವನ್ನೇ ಮೀರಿದ ಶುರು ಬಿದ್ದಿತ್ತು. ಯಂತ್ರ ಶುಕ್ರವಾರವೇ ಕೂಗಿ ಹೇಳಿತ್ತು, ಕಿವಿ ಕೇಳುವ ತಾನೇ ಕೇಳಿಸಿಕೊಳ್ಳಲಿಲ್ಲ.

ತಪ್ಪನ್ನು ಮುಚ್ಚಿಡುವ ಪೈಕಿಯಲ್ಲ ಅವಳು. ಡ್ರೈವರಿಗೆ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದಳು. ಅವರ ಮುಖ ಬಾಡಿತು. ಎರಡು ದಿನ ಮನೆಮಂದಿಯೆಲ್ಲ ಕೂತು ಆಕಳಿಸಿದ್ದೆವು ಎಂದು ಮೆಲ್ಲಗೆ ಹೇಳಿದರು.

ಇಷ್ಟು ಹೊತ್ತೂ ಮಗಳ ಬೆನ್ನ ಹಿಂದೆ ನಿಂತು ಪರದೆಯ ಮೇಲೆ ತನ್ನನ್ನೇ ನೋಡುತ್ತಿದ್ದ ಅಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೇನೋ ಎಂದು ಕತ್ತರಿ ತಿರುಗಿದಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇನ್ನೊಂದು ತೋರಿಸು, ಇನ್ನೊಂದು ಎಂದಳು. "ಅಜ್ಜ" ಎಂಬ ಫೈಲಿನಲ್ಲಿ ಅಮ್ಮ ನೊಣ ಓಡಿಸುತ್ತಿದ್ದಳು. "ಮದುವೆ"ಯಲ್ಲಿ ಸೀನುತ್ತಿದ್ದಳು. ಡ್ರೈವರ್ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಮೇಷ್ಟ್ರೂ ಬಂದು ಸೇರಿದರು. ನಗು ಎಂದರೆ ಏನೆಂದು ಯಾರೂ ಕಲಿಸಬೇಕಿರಲಿಲ್ಲ, ಪುಟ್ಟಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಗು ತಗ್ಗಿದ ಮೇಲೆ ಅಮ್ಮ ಮಗುವಿನ ಮುಂದೆ ಮಂಡಿಯೂರಿ ಕೂತಳು. ಕೈಯಲ್ಲಿ ಹೇಳಿದ್ದನ್ನು ಕತ್ತರಿ ಡ್ರೈವರಿಗೆ ಬಾಯಲ್ಲಿ ಹೇಳಿದಳು.

"ಅಮ್ಮ ಹೇಳ್ತಿದ್ದಾರೆ, ಮಗು ಕೇಳಿತು, ಅಪ್ಪ ಕೊಟ್ಟರು, ಅಂದ್ಮೇಲೆ ಅದು ಮಾತೇ. ನಿಮ್ಮ ಮನೇಲಿ ನೀರಿಗೆ ಎರಡು ಸನ್ನೆ ಇರಲಿ. ಒಂದು ಊರಿಗೆಲ್ಲ ತಿಳಿಯೋದು, ಒಂದು ನಿಮ್ಮ ಮನೆಮಂದಿಗೆ ಮಾತ್ರ."

ಡ್ರೈವರ್ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತರು.

ಕೆಲಸ ಸರಿಮಾಡುವುದು ಹೂವೆತ್ತಿದಷ್ಟೇ ಸಲೀಸಾಯಿತು. ಅಮ್ಮನ ಲ್ಯಾಪ್‌ಟಾಪಿನಲ್ಲಿದ್ದ ಮೂಲ ಶೀಟು ತಂದರು. ಕತ್ತರಿ ಈ ಸಲ ಮೂರೂ ಕಾಲಂ ಒಟ್ಟಿಗೆ ಹಿಡಿದು ಜೋಡಿಸಿದಳು. ಹತ್ತು ಸಾಲನ್ನು ಮೂಲದೊಂದಿಗೆ ಬೆರಳಿಟ್ಟು ಹೋಲಿಸಿದಳು. ಮೇಷ್ಟ್ರು ಸ್ಕ್ರಿಪ್ಟಿಗೆ ಎರಡು ಸಾಲು ಸೇರಿಸಿದರು: ಮುಗಿವು ಫೈಲಿನ ಉದ್ದ ಮೀರಿದರೆ ಕತ್ತರಿಸದೆ ನಿಲ್ಲು, ಹೆಸರು ಹೇಳು. ಮುಟ್ಟದೆ ಉಳಿದಿದ್ದ ಮೂಲ ಫೈಲುಗಳ ಮೇಲೆ ಮತ್ತೆ ಓಡಿಸಿದರು. ಅರ್ಧ ಗಂಟೆ ಎಲ್ಲರೂ ಕೂತು ಕಾಫಿ ಕುಡಿದರು. ಒಂದೂ ಖಾಲಿ ಬರಲಿಲ್ಲ. ಅಮ್ಮ ಮಧ್ಯಾಹ್ನವಿಡೀ ಕೂತು ಎಲ್ಲವನ್ನೂ ನೋಡಿದಳು. ಬೇಡದ್ದು ಕೂದಲೆಳೆಯಷ್ಟೂ ಇರಲಿಲ್ಲ. ಕೈ ಏಳುವಲ್ಲಿ ಶುರು, ಇಳಿಯುವಲ್ಲಿ ಮುಗಿವು. ಹಳೆಯ ಫೋಲ್ಡರನ್ನು ಅಳಿಸಲು ಹೊರಟ ಮಗಳ ಕೈಗೆ ಪಟ್ಟೆಂದು ಹೊಡೆದು, ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡಳು. ಬೇಸರವಾದಾಗ ನೋಡಲು ಬೇಕಂತೆ.

ಸಂಜೆ ಮಗಳನ್ನು ಕರೆದೊಯ್ಯಲು ಬಂದ ಡ್ರೈವರ್ ಸರಿಯಾದ ಹನ್ನೆರಡನ್ನು ತೆಗೆದುಕೊಂಡು ಹೋದರು. ಹೊರಡುವಾಗ ಅಮ್ಮ ಹದಿಮೂರನೆಯದೊಂದನ್ನು ಸೇರಿಸಿಕೊಟ್ಟಳು: "ಏನು?"

ಎರಡು ದಿನ ಕಳೆದು, ಬೆಳಗಿನ ಪಾಳಿ ಮುಗಿಸಿದ ಡ್ರೈವರ್ ಕತ್ತರಿಗೆ ಫೋನು ಮಾಡಿದರು. ಪುಟ್ಟಿ ಆ ಒಂದು ಸನ್ನೆ ಹಿಡಿದುಕೊಂಡು ತನ್ನನ್ನು ಅರೆದುಬಿಟ್ಟಿದ್ದಾಳೆ ಎಂದರು. ಬಸ್ಸಿನ ಕಿಟಕಿಯಿಂದ ಕಂಡದ್ದಕ್ಕೆಲ್ಲ ಬೆರಳು ತೋರಿಸಿ ಏನು, ಏನು, ಏನು.

"ಸೇತುವೆಗೆ ಏನು ಮೇಡಂ? ಟಯರಿಗೆ? ಅಂಗಡಿ ಮುಂದೆ ಮಲಗಿರೋ ಮೂರು ಕಾಲಿನ ನಾಯಿಗೆ? ನೀವು ಕೊಟ್ಟದ್ರಲ್ಲಿ ಒಂದೂ ಇಲ್ಲ. ಬರ್ಕೊಳ್ಳಿ, ನಲವತ್ತು ಇದೆ."

ಕತ್ತರಿ ಬರೆದುಕೊಂಡಳು. ಅಮ್ಮನಿಗೆ ತೋರಿಸಿದಳು. ಅಮ್ಮ ಪಟ್ಟಿಯ ಮೇಲಿಂದ ಕೆಳಗೆ ಕಣ್ಣಾಡಿಸಿ, ಮೂರು ಕಾಲಿನ ನಾಯಿಯ ಹತ್ತಿರ ಒಂದು ಗಳಿಗೆ ಯೋಚಿಸಿ, ಕ್ಯಾಮೆರಾ ನಿಲ್ಲಿಸು ಬಾ ಎಂದು ಬೂದು ಪರದೆಯ ಕಡೆ ನಡೆದಳು.