ಸ್ವಾಗತ ಭಾಷಣಕ್ಕೊಂದು ಬೀಗ

ಸೂರತ್ತಿನ ಅಡಾಜಣ್‌ನಲ್ಲಿರುವ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನ ಮಗಳು ವಿಂಧ್ಯಾ ಸ್ವಾಗತ ಭಾಷಣ ಮಾಡಬೇಕಿತ್ತು. ಟೀಚರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು: ಎಲ್ಲರನ್ನೂ ಸ್ವಾಗತಿಸುತ್ತೇವೆ, ಹುಡುಗಿಯರಿಗೆ ಹೊಸ ಶೌಚಾಲಯ ಕಟ್ಟಿಸಿದ್ದೇವೆ, ಮುಂದಿನ ವರ್ಷ ಈಜುಕೊಳ ಕಟ್ಟಿಸಲಿದ್ದೇವೆ.

ಓದಿ ನನಗೆ ಮೈ ಉರಿಯಿತು. ಕಟ್ಟಿದಾಗಿನಿಂದ ಆ ಶೌಚಾಲಯಕ್ಕೆ ಬೀಗ. ಮುಖ್ಯ ಅತಿಥಿಗಳು ನೋಡುವ ತನಕ ಅದು ಹೊಸದಾಗಿಯೇ ಇರಬೇಕಂತೆ! ಹಳೆಯದರಲ್ಲಿ ನೀರಿಲ್ಲ. ನನ್ನ ಮಗಳು ದಿನವಿಡೀ ನೀರು ಕುಡಿಯದೆ, ಸಂಜೆ ಬಸ್ಸಿಳಿದು ಬಚ್ಚಲಿಗೆ ಓಡುತ್ತಾಳೆ.

"ಇದನ್ನ ನೀನ್ಯಾಕೆ ಹೇಳ್ಬೇಕು?" ಎಂದು ರೇಗಿದೆ.

"ಮಮ್ಮಿ, ಕಟ್ಟಿರೋದು ನಿಜ ತಾನೆ, ಹೇಳು ಅಂದ್ರು ಟೀಚರ್."

ವೇದಿಕೆಯ ಮೇಲೆ ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು. ಶೌಚಾಲಯದ ಸಾಲಿಗೇ ಜೋರಾಗಿ ಚಪ್ಪಾಳೆ ಬಿತ್ತು. ನಾನು ಹಲ್ಲು ಕಡಿಯುತ್ತ ಕುಳಿತೆ. ಭಾಷಣ ಮುಗಿದರೂ ಅವಳು ಮೈಕು ಬಿಡಲಿಲ್ಲ. ಮುಖ್ಯ ಅತಿಥಿಗಳತ್ತ ತಿರುಗಿ ಹಿಂದಿಯಲ್ಲಿ ಕೇಳಿದಳು:

"ಸರ್, ಆ ಹೊಸ ಶೌಚಾಲಯಕ್ಕೆ ಬೀಗ ಹಾಕಿದ್ದಾರೆ. ನೀವು ಬಂದಾಗಿದೆ. ಇನ್ನು ನಾವು ಹೋಗಬಹುದಾ?"

ಪ್ರಿನ್ಸಿಪಾಲರು ಮೈಕು ಕಿತ್ತುಕೊಳ್ಳಲು ಎದ್ದರು. ಅಷ್ಟರಲ್ಲಿ, ಗರ್ಬಾ ಕುಣಿಯಬೇಕಿದ್ದ ಹುಡುಗಿಯರೆಲ್ಲ ಚಣಿಯಾ ಲಂಗ ಎತ್ತಿ ಹಿಡಿದುಕೊಂಡು ಆ ಬೀಗದ ಮುಂದೆ ಸಾಲು ನಿಂತಾಗಿತ್ತು.