ನಡುಗದ ಗೆರೆ

ನಮ್ಮ ವರ್ಕ್‌ಶಾಪಿನಲ್ಲಿ ಒಂದೇ ವೇಗದಲ್ಲಿ ಓಡುವಂತೆ ಭಾವ ಟ್ಯೂನ್ ಮಾಡಿದ ಮೋಟಾರಿನ ವೇಗದ ಗೆರೆ ಪರದೆಯ ಮೇಲೆ ದಾರ ಎಳೆದ ಹಾಗೆ ನೆಟ್ಟಗಿತ್ತು. ನನಗೆ ಅಲ್ಲೇ ಅನುಮಾನ ಬಂತು. ಮೋಟಾರಿನ ವೇಗ ಅಳೆಯುವ ಎನ್‌ಕೋಡರ್ ಎಣಿಸುವುದು ಬಿಡಿಬಿಡಿ ಪಲ್ಸ್‌ಗಳನ್ನು. ಒಂದು ಹೆಚ್ಚೋ ಕಡಿಮೆಯೋ ಆಗಿ ಗೆರೆ ಚೂರಾದರೂ ನಡುಗಲೇಬೇಕು.

"ಇದ್ಯಾವ ಗೆರೆ ಭಾವ?"

"ನಾನೇನೂ ಮೋಸ ಮಾಡಿಲ್ಲಮ್ಮ!"

ಮೋಸ ಅಂದವರ್ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಎನ್‌ಕೋಡರಿನ ವೈರ್ ಕಿತ್ತೆ. ಪಲ್ಸ್ ಬಾರದ್ದರಿಂದ ಮೋಟಾರು ನಿಂತೇಹೋಗಿದೆ ಎಂದು ತಿಳಿದ ಪ್ರೋಗ್ರಾಂ ಇದ್ದಬದ್ದ ವೋಲ್ಟೇಜೆಲ್ಲ ಕೊಟ್ಟಿತು. ಮೋಟಾರು ಕಿರುಚಿಕೊಂಡು ಓಡಿತು. ಗೆರೆ ಮಾತ್ರ ಮಿಸುಕಲಿಲ್ಲ! ಭಾವ ಪರದೆಗೆ ಕಳಿಸುತ್ತಿದ್ದದ್ದು ಅಳೆದ ವೇಗವನ್ನಲ್ಲ, ಇಷ್ಟರಲ್ಲಿ ಓಡು ಎಂದು ತಾವು ಮೋಟಾರಿಗೆ ಹೇಳಿದ್ದ ವೇಗವನ್ನು.

ಸ್ವಿಚ್ ಆರಿಸಿ, ವೈರ್ ಸಿಕ್ಕಿಸಿ, ಅಳೆದ ವೇಗವೇ ಕಾಣುವಂತೆ ಪ್ರೋಗ್ರಾಂ ತಿದ್ದಿದೆ. ಮೋಟಾರು ಓಡುವಾಗ ಅದರ ಚಕ್ರಕ್ಕೆ ಮರದ ತುಂಡು ಒತ್ತಿದೆ. ಸಣ್ಣಗೆ ನಡುಗುತ್ತಿದ್ದ ಗೆರೆ ಕುಸಿದು, ಒಂದಿಷ್ಟೂ ಓಲಾಡದೆ, ಸೀದಾ ತನ್ನ ಜಾಗಕ್ಕೆ ಮರಳಿತು. ಟ್ಯೂನಿಂಗ್ ಅಪ್ಪಟ ಚಿನ್ನ.

"ಇಷ್ಟು ಚೆನ್ನಾಗಿ ಮಾಡಿ ಯಾಕೆ ಮುಚ್ಚಿಟ್ರಿ?"

"ನೀನು ಅನುಮಾನದ ಪಿಶಾಚಿ. ನಡುಗೋ ಗೆರೆ ತೋರಿಸಿದ್ರೆ ನಂಬ್ತಿದ್ಯಾ?"

"ಅದೊಂದನ್ನೇ ನಂಬ್ತಿದ್ದೆ, ಭಾವ."