ಐದನೆಯ ಮಾರ್ಚ್

ಹೊನ್ನಾಳಿಯ ಆಡಿಟರ್ ಗುರುಬಸವರಾಜ್ ಫೈಲಿನಿಂದ ಹಳೆಯ ಠರಾವೊಂದನ್ನು ತೆಗೆದು ಮುಂದಿಟ್ಟರು. ಕೆಳಗೆ ತನ್ನ ಅಪ್ಪ ಸುಬಾನಸಾಬರ ಸಹಿ ಕಂಡು ನುಜಹತ್ ಅದನ್ನು ಬೆರಳಿನಿಂದ ಮುಟ್ಟಿದಳು. ಅಪ್ಪ ತೀರಿಕೊಂಡು ಮೂರು ವರ್ಷ. ನ್ಯಾಮತಿಯಲ್ಲಿ ಅವರು ಕಟ್ಟಿದ ಉಚಿತ ಚಿಕಿತ್ಸೆಯ ಟ್ರಸ್ಟನ್ನು ಈಗ ಅವಳೇ ನಡೆಸುತ್ತಿದ್ದಳು.

“ಈ ಠರಾವು ಬರ್ದ ವರ್ಷ ಟ್ರಸ್ಟಿಗೆ ಇಪ್ಪತ್ತು ಲಕ್ಷ ಬಂದಿತ್ತು ಮೇಡಂ. ತೆರಿಗೆ ಬೀಳಬಾರ್ದು ಅಂದ್ರೆ ನೂರಕ್ಕೆ ಎಂಬತ್ತೈದು, ಅಂದ್ರೆ ಹದಿನೇಳು ಲಕ್ಷ, ಸೇವೆಗೇ ಹೋಗ್ಬೇಕು. ಹೋಗಿದ್ದು ಹದಿನಾಲ್ಕು. ಕಮ್ಮಿ ಬಿದ್ದ ಮೂರು ಲಕ್ಷನ ಇಂಥದಕ್ಕೇ ಅಂತ ಇಲಾಖೆಗೆ ಬರ್ದುಕೊಟ್ಟು ಬ್ಯಾಂಕಿನಾಗೆ ಇಟ್ರು. ಐದು ವರ್ಷದ ಗಡುವು. ಈ ಮಾರ್ಚ್ ಮೂವತ್ತೊಂದಕ್ಕೆ ಮುಗೀತೈತೆ. ಬಳಸ್ದಿದ್ರೆ ಅಷ್ಟೂ ಈ ವರ್ಷದ ಆದಾಯ ಆಗ್ತೈತೆ. ನೂರಕ್ಕೆ ಮೂವತ್ತು ತೆರಿಗೆ, ಮೇಲೆ ಸೆಸ್ಸು.”

“ಬಡ ಮಕ್ಕಳ ಫೀಸಿಗೆ ಕೊಟ್ಟುಬಿಟ್ರೆ ಹೆಂಗೆ?” ಖಜಾಂಚಿ ಖಲೀಲ್ ಕೇಳಿದ.

“ಶವ ಇಡೋ ಫ್ರೀಜರ್ ಪೆಟ್ಟಿಗೆಗೆ ಅಂತ ಬರ್ದೈತೆ. ಅದಕ್ಕೇ ಆಗ್ಬೇಕು. ಕೈಮೀರಿದ ಕಾರಣ ಇದ್ರೆ ಉದ್ದೇಶ ಬದಲಾಯಿಸಾಕೆ ಅಧಿಕಾರಿಗೆ ಅರ್ಜಿ ಹಾಕಬಹುದು. ಇಷ್ಟು ದಿನ ಯಾಕೆ ತರ್ಲಿಲ್ಲ, ಮೇಡಂ?”

ನುಜಹತ್ ಠರಾವನ್ನು ತನ್ನತ್ತ ಎಳೆದುಕೊಂಡಳು. ಆಡಿಟರಿಗೆ ಹೇಳುವಂಥ ಕಾರಣ ಅದಾಗಿರಲಿಲ್ಲ.

ಲಾಕ್‌ಡೌನಿನ ಮೇ ತಿಂಗಳಲ್ಲಿ ಅವಳ ಅಮ್ಮ ಸುಗ್ರಾ ತೀರಿಕೊಂಡಿದ್ದಳು. ಅಣ್ಣ ಮತೀನ್‌ಗೆ ಪಾಸು ಸಿಕ್ಕಿ ಊರು ಮುಟ್ಟುವವರೆಗೆ ಒಂದು ಹಗಲು, ಒಂದು ರಾತ್ರಿ ಕಾದರು. ಶವದ ಸುತ್ತ ಇಟ್ಟ ಮಂಜುಗಡ್ಡೆ ಕರಗಿ ಮಂಚದಡಿ ತೊಟ್ಟಿಕ್ಕುತ್ತಿತ್ತು. ನುಜಹತ್ ಬಟ್ಟೆ ಹಿಂಡಿ ಹಿಂಡಿ ಹಾಕಿದಳು. ಆಮೇಲೆ ಮನೆಯ ನಲ್ಲಿಗಳನ್ನೆಲ್ಲ ಬದಲಿಸಿದರೂ ಆ ತೊಟ್ಟಿನ ಸದ್ದು ನಿಲ್ಲಲಿಲ್ಲ. ಆ ವರ್ಷವೇ ಅಪ್ಪ ಪೆಟ್ಟಿಗೆಗೆಂದು ಹಣ ತೆಗೆದಿಟ್ಟರು. ಆದರೆ ಅದರ ಮಾತೆತ್ತಿದಾಗಲೆಲ್ಲ, “ಬ್ಯಾಡ ಅಬ್ಬಾ, ಆಮೇಲೆ ನೋಡೋಣ” ಎಂದು ಅವಳೇ ತಡೆದಿದ್ದಳು. ನೋಡುವ ಮೊದಲೇ ಅವರು ಹೋದರು.

“ಈಗ ಪೆಟ್ಟಿಗೆದು ಬರೀ ಬಿಲ್ ತರಿಸಿ ಫೈಲಿಗೆ ಹಾಕಿದ್ರೆ ಸಾಲಲ್ವೇನ್ರಿ?” ಖಲೀಲ್ ಮತ್ತೆ ಕೇಳಿದ.

“ಇಲ್ಲ. ಗಡುವಿನೊಳಗೆ ಹಣ ಸಂದಾಯ ಆಗಿರ್ಬೇಕು.”

ನುಜಹತ್ ಠರಾವನ್ನು ಮಡಚಿದಳು. “ಅರ್ಜಿ ಬ್ಯಾಡ ಸಾರ್. ಪೆಟ್ಟಿಗೇನೇ ತರ್ತೀವಿ.”

ಮಾರ್ಚ್ ಇಪ್ಪತ್ತೆಂಟಕ್ಕೆ ಟ್ರಸ್ಟಿನ ಖಾತೆಯಿಂದ ಪೂರ್ತಿ ಮೂರು ಲಕ್ಷ ಹೋಯಿತು. ಪೆಟ್ಟಿಗೆ, ಕರೆಂಟು ಹೋದರೆ ಅದನ್ನು ನಡೆಸುವ ಜನರೇಟರ್ ಎರಡೂ ಬಂದವು. ಇನ್ನು ಆ ಹಣಕ್ಕೆ ತೆರಿಗೆಯಿಲ್ಲವೆಂದು ಆಡಿಟರ್ ಫೋನ್ ಮಾಡಿದರು. ಪರೀಕ್ಷೆಗೆಂದು ಚಾಲು ಮಾಡಿದ ಖಾಲಿ ಪೆಟ್ಟಿಗೆ ಆಫೀಸಿನ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಗಾಜಿನೊಳಗೆ ಯಾರೋ ಮಲಗಿದ್ದಾರೆನಿಸಿ ನುಜಹತ್ ಅತ್ತ ಬೆನ್ನು ಹಾಕದೆಯೇ ಹೊರಬಂದಳು.

ಏಪ್ರಿಲ್ ಮೊದಲ ವಾರ ಜಗಳೂರಿನಿಂದ ಕರೆ ಬಂತು. ಮಗ್ಗದ ಪಾಪಣ್ಣ ತೀರಿಕೊಂಡಿದ್ದ; ಮಗಳು ಮಂಗಳೂರಿನಿಂದ ಬರಬೇಕಿತ್ತು. ಖಲೀಲ್ ಒಬ್ಬನೇ ಹೋಗುತ್ತೇನೆಂದ. ನುಜಹತ್ ಕೇಳದೆ ಗಾಡಿ ಹತ್ತಿದಳು.

ಪಾಪಣ್ಣನನ್ನು ಒಳಗೆ ಮಲಗಿಸಿ ಮುಚ್ಚಳ ಹಾಕಿದರು. ಅವನ ಹೆಂಡತಿ ಉಚ್ಚಂಗಮ್ಮ ಗಾಜಿನ ಮೇಲೆ ಅಂಗೈಯಿಟ್ಟು ಸರಕ್ಕನೆ ತೆಗೆದಳು.

“ಒಳಗೆ ಭಾಳ ಚಳಿ ಐತಲ್ಲವ್ವ. ಅವ್ರಿಗೆ ಚಳಿ ಅಂದ್ರೆ ಆಗಾಕಿಲ್ಲ.”

ನುಜಹತ್ ಆಕೆಯ ತಣ್ಣಗಾದ ಕೈಯನ್ನು ತನ್ನೆರಡೂ ಕೈಯೊಳಗಿಟ್ಟುಕೊಂಡು, ಮಗಳು ಬರುವವರೆಗೂ ಪಕ್ಕದಲ್ಲೇ ಕೂತಳು.